ಮೊದಲೇ ಒತ್ತಿದ ಹೆಬ್ಬೆಟ್ಟು

ಪೀಣ್ಯ ಎರಡನೇ ಹಂತದಲ್ಲಿರುವ ಆ ಮೆಷಿನ್ ಶಾಪಿನಲ್ಲಿ ಜ್ಯೋತಿಲಕ್ಷ್ಮಿಗೆ ಹೆದರದವರು ಯಾರೂ ಇರಲಿಲ್ಲ. ಆಕೆ ಜೋರು ಮಾಡುವ ಹೆಂಗಸೇನಲ್ಲ, ದನಿ ಎತ್ತಿದ್ದನ್ನು ಕೇಳಿದವರೇ ಇಲ್ಲ. ಆದರೆ ಆಟೋ ಬಾಡಿಗೆ ಎಂದು ಇನ್ನೂರು ರೂಪಾಯಿ ಕೇಳಲು ಬಂದ ಇಂಜಿನಿಯರನ್ನು ಕನ್ನಡಕದ ಮೇಲಿಂದ ನೋಡಿ, "ಎಲ್ಲಿಂದ ಎಲ್ಲಿಗೆ ಅಂತ ಬರೀರಿ ಸಾರ್. ತಾರೀಖು ಹಾಕಿ. ಯಾಕೆ ಹೋಗಿದ್ರಿ ಅಂತಾನೂ ಬರೀರಿ" ಎನ್ನುವಾಗ, ಅವನು ಮಾಡದ ತಪ್ಪಿಗೂ ಬೆವರುತ್ತಿದ್ದ. ಹತ್ತೊಂಬತ್ತು ವರ್ಷದಿಂದ ಚಿಲ್ಲರೆ ಖರ್ಚಿನ ಪೆಟ್ಟಿಗೆ ಆಕೆಯ ಬಳಿಯೇ ಇತ್ತು, ಒಂದು ರೂಪಾಯಿ ಹೆಚ್ಚು ಕಡಿಮೆಯಾಗಿದ್ದಿಲ್ಲ. ಅದು ಆಕೆಯ ಜಂಬ. ಇರಲಿ ಬಿಡಿ, ಅಷ್ಟು ಜಂಬವೂ ಇಲ್ಲದಿದ್ದರೆ ಆ ಕುರ್ಚಿಯಲ್ಲಿ ಕೂರುವುದಾದರೂ ಯಾತಕ್ಕೆ?

ಸಂಬಳದ ಆಸೆಗಂತೂ ಅಲ್ಲ. ಅಂದ್ರಹಳ್ಳಿಯಲ್ಲಿ ಗಂಡನ ಮನೆಯವರ ಹೊಲ ಹೋಗಿ ಅಲ್ಲೊಂದು ಮೂರಂತಸ್ತಿನ ಕಟ್ಟಡ ಎದ್ದಿದೆ. ನಾಲ್ಕು ಮನೆ ಬಾಡಿಗೆಗೆ ಕೊಟ್ಟಿದ್ದಾರೆ. ಅತ್ತೆ ನಾಗಲಕ್ಷ್ಮಮ್ಮ ದಿನಾ ಬೆಳಿಗ್ಗೆ ಡಬ್ಬಿ ಕಟ್ಟಿಕೊಡುತ್ತಾ, "ನಾಕು ಮನೆ ಬಾಡ್ಗೆ ಬತ್ತದೆ, ಆ ಸೇಟು ಕೊಡೋ ಇಪ್ಪತ್ತಾರು ಸಾವ್ರಕ್ಕೆ ಯಾಕಮ್ಮ ಅಂಗೆ ಓಡ್ತೀಯ?" ಎಂದು ಕೇಳುತ್ತಿದ್ದರು. ಮಾಲೀಕ ಶಿವಶಂಕರ್ ಸೇಟೂ ಅಲ್ಲ, ಏನೂ ಅಲ್ಲ. ಆದರೆ ಅತ್ತೆಯ ಲೆಕ್ಕದಲ್ಲಿ ಫ್ಯಾಕ್ಟರಿ ಇಟ್ಟವರೆಲ್ಲ ಸೇಟುಗಳೇ. ಜ್ಯೋತಿಲಕ್ಷ್ಮಿ ನಕ್ಕು ಸುಮ್ಮನಾಗುತ್ತಿದ್ದಳು. ಬಾಡಿಗೆ ಬರುವುದು ಗಂಡನ ಮನೆತನದ ಹೆಸರಿಗೆ. ಪೆಟ್ಟಿಗೆ ಕಾಯುವುದು ತನ್ನ ಹೆಸರಿಗೆ. ಇದನ್ನು ಅತ್ತೆಗೆ ಹೇಗೆ ವಿವರಿಸುವುದು?

ದೊಡ್ಡ ಅಂಗಡಿಗಳಿಂದ ಉಕ್ಕು, ಎಣ್ಣೆ, ಬೇರಿಂಗ್ ಬಂದರೆ ಜೊತೆಗೆ ಬಿಲ್ಲೂ ಬರುತ್ತದೆ. ಅದರ ತಲೆನೋವು ಆಕೆಯದಲ್ಲ. ಆಕೆಯ ಪಾಲಿಗೆ ಬರುತ್ತಿದ್ದವರು ಬಿಲ್ಲೇ ಇಲ್ಲದವರು: ಪೊರಕೆ ಮಾರುವವನು, ಆಯುಧಪೂಜೆಗೆ ಬೂದುಗುಂಬಳ ತರುವವನು, ಮೆಷಿನ್ ಒರೆಸುವ ಬಟ್ಟೆ ತರುವ ಹೊಳೆವ್ವ. ಇವರಿಗೆ ಅಂಗಡಿಯಿಲ್ಲ, ರಸೀದಿ ಪುಸ್ತಕವಿಲ್ಲ, ಜಿಎಸ್‌ಟಿ ನಂಬರಿಲ್ಲ. ಅವರು ಬಿಲ್ ಕೊಡದಿದ್ದರೆ ಕೊಂಡವರೇ ಕಾಗದ ಬರೆಯಬೇಕು. ಅದೇ ಪೇಮೆಂಟ್ ವೋಚರ್. ಯಾರಿಗೆ ಕೊಟ್ಟೆವು, ಅವರ ಊರು ಕೇರಿ, ಫೋನ್ ನಂಬರ್, ಏನು ಸಾಮಾನು, ಎಷ್ಟು ತೂಕ, ಯಾವ ದರ, ಒಟ್ಟು ಎಷ್ಟು ಎಂದು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಬೇಕು. ಕೆಳಗೆ ಮೂರು ಜಾಗ: ಬರೆದವರ ಸಹಿ, ಮಂಜೂರು ಮಾಡಿದವರ ಸಹಿ, ದುಡ್ಡು ಪಡೆದವರ ಸಹಿ ಅಥವಾ ಹೆಬ್ಬೆಟ್ಟು. ಐದು ಸಾವಿರ ದಾಟಿದರೆ ಒಂದು ರೂಪಾಯಿಯ ರೆವೆನ್ಯೂ ಸ್ಟ್ಯಾಂಪ್ ಅಂಟಿಸಬೇಕು. ಇಷ್ಟಿದ್ದರೆ ಖರ್ಚು ಖರ್ಚಾಗುತ್ತದೆ. ಇಲ್ಲದಿದ್ದರೆ ಯಾರೋ ಜೇಬಿಗೆ ಹಾಕಿಕೊಂಡರು ಎಂದು ಯಾರು ಬೇಕಾದರೂ ಅನ್ನಬಹುದು.

ಹೊಳೆವ್ವ ಕೊಪ್ಪಳದ ಕಡೆಯವಳು. ತಿಗಳರಪಾಳ್ಯದ ಶೀಟಿನ ಮನೆಯೊಂದರಲ್ಲಿ ಬಾಡಿಗೆಗಿದ್ದು, ಹಳೇ ಬನಿಯನ್, ಹತ್ತಿ ಸೀರೆ ಕೊಂಡು, ಗುಂಡಿ ಜಿಪ್ಪು ಕಿತ್ತು, ಅಂಗೈಯಗಲ ಕತ್ತರಿಸಿ ಫ್ಯಾಕ್ಟರಿಗಳಿಗೆ ಕೆಜಿ ಲೆಕ್ಕದಲ್ಲಿ ಹಾಕುತ್ತಿದ್ದಳು. ಪ್ರತಿ ಶುಕ್ರವಾರ ಇಲ್ಲಿಗೆ ಬರುತ್ತಿದ್ದಳು. ಕೆಜಿಗೆ ಐವತ್ತೈದು ರೂಪಾಯಿ. ಇಲ್ಲಿಂದ ಮುಂದೆ ಪೇಂಟ್ ಹೊಡೆಯುವ ಫ್ಯಾಕ್ಟರಿಯೊಂದಕ್ಕೆ ಬಿಳಿ ಬಟ್ಟೆ ಕೊಡಲು ಹೋಗಬೇಕು. ಅಲ್ಲಿಯವರು ಮಹಾ ಮಡಿವಂತರು. ಬಟ್ಟೆಯ ಮೇಲೆ ಒಂದು ಚುಕ್ಕೆ ಕಂಡರೂ ಗಂಟನ್ನೇ ವಾಪಸ್ ಎಸೆಯುತ್ತಿದ್ದರು. ಒಂದು ಶುಕ್ರವಾರ ಇಲ್ಲಿ ಒತ್ತಿದ ಹೆಬ್ಬೆಟ್ಟಿನ ನೀಲಿ ಮಸಿ ಅಲ್ಲಿಯ ಗಂಟಿಗೆ ಹತ್ತಿ, ಮೂವತ್ತು ಕೆಜಿ ವಾಪಸ್ ಬಂತು.

ಮುಂದಿನ ವಾರ ಹೊಳೆವ್ವ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡೇ ಬಂದಳು. "ಅಕ್ಕಾರ, ವಾರಾ ವಾರಾ ಈ ಮಸಿ ಬ್ಯಾಡ್ರೀ. ಒಂದ ದಿನ ಎಲ್ಲಾ ಒತ್ತಿ ಬಿಡ್ತೀನಿ. ಆಮ್ಯಾಗ ನೀವ ಬರಕೋರಿ. ನಿಮ್ಮ ಮ್ಯಾಲ ನನಗೇನ್ ಅನುಮಾನ ಐತೇನು?"

ಇಂಜಿನಿಯರುಗಳನ್ನು ಬೆವರಿಸುತ್ತಿದ್ದ ಜ್ಯೋತಿಲಕ್ಷ್ಮಿ ಆ ಮಾತಿಗೆ ಕರಗಿದಳು. ಇಪ್ಪತ್ತು ಖಾಲಿ ವೋಚರುಗಳನ್ನು ಸಾಲಾಗಿ ಹರಡಿದಳು, ಹೊಳೆವ್ವ ಟಪಟಪನೆ ಒತ್ತಿದಳು. ಆ ಇಪ್ಪತ್ತರ ಮೇಲೂ ಮಂಜೂರು ಮಾಡುವ ಜಾಗದಲ್ಲಿ ಸಹಿ ಆಗಲೇ ಇತ್ತು. ಶಿವಶಂಕರ್ ವಾರದಲ್ಲಿ ಮೂರು ದಿನ ಹೊಸೂರು, ಕೊಯಮತ್ತೂರು ಎಂದು ತಿರುಗುವವರು. ಸೋಮವಾರ ಬಂದಾಗ ವೋಚರ್ ಪ್ಯಾಡ್ ಎಳೆದುಕೊಂಡು, ಫೋನಿನಲ್ಲಿ ಮಾತಾಡುತ್ತಲೇ ಕೊನೇ ಹಾಳೆಯವರೆಗೂ ಸಹಿ ಗೀಚಿ ತಳ್ಳುತ್ತಿದ್ದರು. "ನೀವಿದ್ದೀರಲ್ಲ ಜ್ಯೋತಿ, ಮತ್ತೇನು?" ಎನ್ನುತ್ತಿದ್ದರು. ಆ ಮಾತಿಗೂ ಆಕೆ ಕರಗಿದವಳೇ.

ಜನವರಿಯಲ್ಲಿ ಆ ಇಪ್ಪತ್ತರಲ್ಲಿ ಮೂರು ಮುಗಿದವು. ಫೆಬ್ರವರಿ ಮೊದಲ ವಾರ ಹೊಳೆವ್ವ ಮಗಳ ಹೆರಿಗೆಗೆಂದು ಊರಿಗೆ ಹೋದಳು. ಆ ಶುಕ್ರವಾರ ಗೇಟಿಗೆ ಬಟ್ಟೆಯ ಗಂಟು ಹೊತ್ತು ಬಂದವಳು ಅವಳ ಪಕ್ಕದ ಮನೆಯ ಸುಮಂಗಲಾ. ಆಕೆಯೂ ಅದೇ ಸೀಮೆಯವಳು. "ಹೊಳೆವ್ವಕ್ಕನ ಗಿರಾಕಿ ತಪ್ಪಬಾರದು ಅಂತ ನಾನ ತಂದೀನ್ರಿ" ಎಂದಳು. ಬಟ್ಟೆ ಚೆನ್ನಾಗಿತ್ತು, ತೂಕ ಸರಿಯಿತ್ತು. ಹೊಸಬರ ಹೆಸರಿಗೆ ದುಡ್ಡು ಕೊಡಬೇಕಾದರೆ ಆಧಾರ್ ಕಾಪಿ ಇಟ್ಟುಕೊಂಡು ಮಾಲೀಕರನ್ನು ಒಂದು ಮಾತು ಕೇಳಬೇಕು. ಮಾಲೀಕರು ಊರಲ್ಲಿರಲಿಲ್ಲ. ಸುಮಂಗಲಾ ಬಾಗಿಲಲ್ಲಿ ನಿಂತಿದ್ದಳು. ಡ್ರಾಯರಿನಲ್ಲಿ ಹೊಳೆವ್ವನ ಹೆಬ್ಬೆಟ್ಟು ಸಿದ್ಧವಾಗಿತ್ತು.

ಜ್ಯೋತಿಲಕ್ಷ್ಮಿ ಒಂದು ಹಾಳೆ ತೆಗೆದು ತಾರೀಖು, ತೂಕ, ಮೊತ್ತ ತುಂಬಿ, ದುಡ್ಡನ್ನು ಸುಮಂಗಲಾಳ ಕೈಗಿತ್ತಳು. ಇದೊಂದು ವಾರ ತಾನೇ ಎಂದುಕೊಂಡಳು. ಆ ಒಂದು ವಾರ ಆರು ವಾರವಾಯಿತು.

ಮಾರ್ಚ್ ಮೂರನೇ ವಾರ, ವರ್ಷದ ಲೆಕ್ಕ ಮುಗಿಯುವ ಮುಂಚೆ ಒಮ್ಮೆ ನೋಡಿಬಿಡೋಣ ಎಂದು ಆಡಿಟರ್ ಆಫೀಸಿನಿಂದ ದಿವ್ಯಾ ಬಂದಳು. ಇನ್ನೂ ಸಿಎ ಓದುತ್ತಿರುವ ಹುಡುಗಿ. ಮಾತು ಕಮ್ಮಿ, ಪೆನ್ಸಿಲ್ ಗುರುತು ಜಾಸ್ತಿ. ಗುರುವಾರ ಮಧ್ಯಾಹ್ನ ಶಿವಶಂಕರ್ ಅವರ ಕ್ಯಾಬಿನ್ನಿನಲ್ಲಿ ಅವರೆದುರು ಕೂತು ಬಟ್ಟೆಯ ವೋಚರುಗಳನ್ನು ಒಂದೊಂದಾಗಿ ತಿರುವಿದಳು.

"ಇದಕ್ಕೆ ಟ್ಯಾಕ್ಸ್ ಏನೂ ಬರಲ್ಲ ಸಾರ್," ಎಂದಳು ದಿವ್ಯಾ. "ಆದ್ರೆ ಅವರ ಬಿಲ್ ಇಲ್ವಲ್ಲ, ಈ ಖರ್ಚಿಗೆ ಇರೋದು ಇದೊಂದೇ ಸಾಕ್ಷಿ. ಎಲ್ಲ ಒಬ್ಬರದೇ ಕೈಬರಹ. ಅದಕ್ಕೆ ಒಂದೆರಡು ನಂಬರ್‌ಗೆ ಫೋನ್ ಮಾಡಿ ನೋಡ್ತೀನಿ, ಎಲ್ಲ ಕಡೆ ಮಾಡ್ತೀವಿ." ವೋಚರಿನ ಮೇಲಿದ್ದ ನಂಬರನ್ನೇ ಒತ್ತಿ ಸ್ಪೀಕರಿಗೆ ಹಾಕಿದಳು. ಜ್ಯೋತಿಲಕ್ಷ್ಮಿ ಬಾಗಿಲ ಬಳಿ ಫೈಲು ಹಿಡಿದು ನಿಂತಿದ್ದಳು.

"ಹೊಳೆವ್ವ ಅವರಾ? ಹೋದ ಶುಕ್ರವಾರ ಬಟ್ಟೆ ಕೊಟ್ಟು ದುಡ್ಡು ತಗೊಂಡ್ರಲ್ಲ, ಎಷ್ಟು ಅಂತ ನೆನಪಿದ್ಯಾ?"

ಆ ಕಡೆ ಕೂಸೊಂದು ಅಳುತ್ತಿತ್ತು. "ಯಾವ ಬಟ್ಟಿ ರೀ? ನಾ ಊರಾಗ ಅದೀನಿ. ಮಗಳ ಬಾಣಂತನ. ಒಂದೂವರಿ ತಿಂಗಳಾತು ಬೆಂಗಳೂರಿಗೆ ಕಾಲ ಇಟ್ಟಿಲ್ಲ. ರೊಕ್ಕಾ ಯಾರು ಕೊಟ್ರು ನನಗ?"

ದಿವ್ಯಾ ಫೋನ್ ಇಟ್ಟು ಆರು ವೋಚರುಗಳನ್ನು ಬೇರೆ ಮಾಡಿದಳು. ಒಟ್ಟು ಇನ್ನೂರ ಎಂಬತ್ತು ಕೆಜಿ, ಹದಿನೈದು ಸಾವಿರದ ನಾನೂರು ರೂಪಾಯಿ. ಶಿವಶಂಕರ್ ಹೆಬ್ಬೆಟ್ಟನ್ನೂ ಜ್ಯೋತಿಲಕ್ಷ್ಮಿಯನ್ನೂ ಬದಲಿಸಿ ಬದಲಿಸಿ ನೋಡಿದರು. ಆ ನೋಟ ಆಕೆಗೆ ಹೊಸದು. ಹತ್ತೊಂಬತ್ತು ವರ್ಷದಲ್ಲಿ ಆಕೆ ಬೇರೆಯವರನ್ನು ನೋಡಿದ್ದಳೇ ಹೊರತು, ತನ್ನನ್ನು ಯಾರೂ ಹಾಗೆ ನೋಡಿರಲಿಲ್ಲ.

"ಸಾರ್, ಬಟ್ಟೆ ಬಂದಿದೆ. ಸುಮಂಗಲಾ ಅಂತ, ಅವರ ಪಕ್ಕದ ಮನೆಯೋರು ತಂದಿದ್ದು. ದುಡ್ಡೂ ಅವರಿಗೇ ಕೊಟ್ಟಿದ್ದೀನಿ" ಎಂದಳು.

"ಹಾಗಾದ್ರೆ ಇದು ಯಾರ ಹೆಬ್ಬೆಟ್ಟು?" ಎಂದರು ಶಿವಶಂಕರ್.

"ಹೊಳೆವ್ವಂದೇ. ಮೊದಲೇ ಒತ್ತಿಸಿಕೊಂಡಿದ್ದೆ."

ಹೇಳುತ್ತಿರುವಾಗಲೇ ಅದು ಎಷ್ಟು ಕೆಟ್ಟದಾಗಿ ಕೇಳಿಸುತ್ತದೆಂದು ಆಕೆಗೆ ಗೊತ್ತಾಯಿತು. ಬೇರೆ ಯಾರಾದರೂ ಈ ಮಾತು ಹೇಳಿದ್ದರೆ ತಾನೇ ನಂಬುತ್ತಿರಲಿಲ್ಲ. ಶಿವಶಂಕರ್ ಕೈ ಚಾಚಿದರು. "ಪೆಟ್ಟಿಗೆ ಕೀ ಕೊಟ್ಟು ಹೋಗಿ. ಆ ಹೆಂಗಸನ್ನ ನಾಳೆ ಕರಕೊಂಡು ಬನ್ನಿ. ಬಂದ್ರೆ ನೋಡೋಣ" ಎಂದರು.

ಬಂದ್ರೆ ಎಂಬ ಆ ಒಂದು ಮಾತು ಅಂದ್ರಹಳ್ಳಿಯವರೆಗೂ ಆಕೆಯ ಜೊತೆ ಬಸ್ಸಿನಲ್ಲಿ ಬಂತು. ಮನೆಗೆ ಬಂದು ಅತ್ತೆಯ ಮುಂದೆ ಕೂತು ಅತ್ತುಬಿಟ್ಟಳು. ನಾಗಲಕ್ಷ್ಮಮ್ಮ ಪೂರ್ತಿ ಕೇಳಿಸಿಕೊಂಡು, "ಅವನ ಪೆಟ್ಗೆ ಅವನೇ ಕಾಯ್ಕೊಳ್ಳಿ. ನಾಳೆಯಿಂದ ಓಗ್ಬೇಡ ಬಿಡು. ನಮ್ಗೇನು ಗತಿ ಇಲ್ವಾ?" ಎಂದರು.

"ಈಗ ಬಿಟ್ರೆ ಕದ್ದು ಓಡಿಹೋದ್ಲು ಅಂತಾರೆ ಅತ್ತೆ."

ಮುದುಕಿ ಸೊಸೆಯ ಕೈಗೆ ಕಾಫಿ ಲೋಟ ಕೊಟ್ಟರು. ಲೋಟ ಕೆಳಗಿಟ್ಟು ಜ್ಯೋತಿಲಕ್ಷ್ಮಿ ಚಪ್ಪಲಿ ಮೆಟ್ಟಿ ತಿಗಳರಪಾಳ್ಯಕ್ಕೆ ಹೊರಟಳು.

ಸುಮಂಗಲಾ ಹೊಸ್ತಿಲಲ್ಲಿ ಕೂತು ಬನಿಯನ್ ಕತ್ತರಿಸುತ್ತಿದ್ದಳು. ವಿಷಯ ಕೇಳಿದ್ದೇ ಕತ್ತರಿ ಕೆಳಗಿಟ್ಟಳು. "ಆಡಿಟ್ ಅಂದ್ರ ಜಿಎಸ್‌ಟಿಯವರೇನ್ರಿ? ನಾನು ಬಿಲ್ ಇಲ್ದ ಮಾರೀನಿ ಅಂತ ದಂಡ ಹಾಕ್ತಾರೇನು? ಅಕ್ಕಾರ, ನಾ ಬರೂದಿಲ್ಲ. ನನ್ನ ಹೆಸರು ಎಲ್ಲೂ ಬರದಿಲ್ಲ ಅಲ್ಲ?"

ಯಾವ ವೋಚರಿನಲ್ಲೂ ಇಲ್ಲ. ಅದೇ ಜ್ಯೋತಿಲಕ್ಷ್ಮಿಯ ಕುತ್ತಿಗೆಗೆ ಬಂದಿದ್ದದ್ದು. ಈ ಹೆಂಗಸು ಬರದಿದ್ದರೆ, ಅಥವಾ ಬಂದು ತನಗೆ ದುಡ್ಡೇ ಸಿಕ್ಕಿಲ್ಲ ಎಂದರೆ, ಅಲ್ಲ ಸಿಕ್ಕಿದೆ ಎಂದು ತೋರಿಸಲು ಒಂದು ಚೂರು ಕಾಗದವಿಲ್ಲ.

"ನಿಮ್ಮ ತಪ್ಪು ಏನೂ ಇಲ್ಲಮ್ಮ. ವರ್ಷಕ್ಕೆ ನಲವತ್ತು ಲಕ್ಷ ದಾಟಿ ವ್ಯಾಪಾರ ಮಾಡಿದ್ರೆ ಮಾತ್ರ ಸಾಮಾನು ಮಾರೋರು ಆ ನಂಬರ್ ಮಾಡಿಸಬೇಕು" ಎಂದಳು.

ಸುಮಂಗಲಾ ಬಟ್ಟೆಯ ರಾಶಿಯನ್ನು ನೋಡಿ ನಕ್ಕಳು. "ನಲವತ್ತು ಲಕ್ಷನಾ? ಇಡೀ ಕರ್ನಾಟಕದ ಬನೀನು ಕತ್ತರಿಸಬೇಕಾಕ್ಕತಿ."

"ಹೂಂ. ನಿಮಗೆ ಬಿಲ್ ಇರಲ್ಲ ಅಂತಾನೇ ನಾವು ವೋಚರ್ ಬರೆಯೋದು. ನಿಮ್ಮ ಹೆಸರಲ್ಲಿ ಬರೆಯಬೇಕಾಗಿತ್ತು. ಸೋಮಾರಿತನ ಮಾಡಿದೆ. ತಪ್ಪು ನಂದು." ಹಾಗೆ ಹೇಳಿದ ಮೇಲೆ ಆಕೆಗೆ ಸ್ವಲ್ಪ ಉಸಿರು ಸರಾಗವಾಯಿತು. "ಬರ್ತೀರಾ?"

"ನಾಳೆ ಹೆಂಗೂ ಶುಕ್ರವಾರ," ಎಂದಳು ಸುಮಂಗಲಾ. "ಗಂಟು ತರೂದು ಇದ್ದೇ ಇತ್ತು. ಕೊಟ್ಟ ರೊಕ್ಕಾ ಕೊಟ್ಟಾರ ಅಂತ ಹೇಳಾಕ ನನಗೇನ್ ಭಯ?"

ಮಾರನೇ ಬೆಳಿಗ್ಗೆ ಕ್ಯಾಬಿನ್ನಿನಲ್ಲಿ ದಿವ್ಯಾ ಗೇಟಿನ ರಿಜಿಸ್ಟರ್ ತರಿಸಿದಳು. ಸೆಕ್ಯುರಿಟಿ ಯಮನೂರ ಒಳಗೆ ಬಂದ ಪ್ರತಿ ಸಾಮಾನನ್ನೂ ಗೇಟಿನ ತಕ್ಕಡಿಯಲ್ಲಿ ತೂಗಿ ಬರೆದಿಡುವವನು. ಆರು ಶುಕ್ರವಾರ, ಆರು ಸಾಲು, 'ಸುಮಂಗಲಾ, ವೇಸ್ಟ್ ಬಟ್ಟೆ' ಎಂದಿತ್ತು. ತೂಕ ವೋಚರುಗಳ ಜೊತೆ ಕೆಜಿಗೆ ಕೆಜಿ ತಾಳೆಯಾಯಿತು. ಆಮೇಲೆ ದಿವ್ಯಾ ಸುಮಂಗಲಾಳನ್ನು ಒಂದೊಂದು ವಾರದ್ದೂ ಕೇಳಿದಳು. ಜ್ಯೋತಿಲಕ್ಷ್ಮಿ ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತಳು.

"ಮೊದಲ್ನೇ ವಾರ ಎರಡು ಸಾವಿರದ ಆರುನೂರ ನಲವತ್ತು. ಅದಾದ ಮ್ಯಾಗಿನ ವಾರ ನಲವತ್ತೈದು ಕೆಜಿ ಆಗಿತ್ತು, ಅದರದೂ ಕೊಟ್ಟಾರ. ಎಲ್ಲಾ ಅವತ್ತಿಂದು ಅವತ್ತೇ ಕೊಟ್ಟಾರ್ರಿ. ಒಂದು ರೂಪಾಯಿ ಉಳಿಸಿಲ್ಲ," ಎಂದಳು ಸುಮಂಗಲಾ.

ದಿವ್ಯಾ ತಲೆಯಾಡಿಸಿ ಬರೆದುಕೊಂಡಳು. ಶಿವಶಂಕರ್ ಕುರ್ಚಿಗೆ ಒರಗಿ, "ಅಬ್ಬಾ, ಮುಗೀತಲ್ಲ. ಜ್ಯೋತಿ, ಒಂದು ಕೆಲಸ ಮಾಡಿ. ಇವರ ಹೆಸರಲ್ಲಿ ಆರು ವೋಚರ್ ಹೊಸದಾಗಿ ಬರೀರಿ, ಹಳೇ ತಾರೀಖೇ ಹಾಕಿ, ಇವರ ಸಹಿ ತಗೊಳ್ಳಿ. ಈ ಆರನ್ನ ಹರಿದು ಬಿಸಾಕಿ. ಕ್ಲೀನ್ ಆಗಿಬಿಡುತ್ತೆ" ಎಂದರು.

ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹೆಸರು ಉಳಿದಿತ್ತು, ಮಾಲೀಕರ ಮುಖದಲ್ಲಿ ನಗುವಿತ್ತು. ಆದರೆ ನಿನ್ನೆ ಆ ನೋಟ ಎದುರಿಸಿದವಳಿಗೆ ಹೂಂ ಎನ್ನಲು ಬಾಯಿ ಬರಲಿಲ್ಲ.

"ಬೇಡ ಸಾರ್. ಇವತ್ತು ಸಹಿ ಹಾಕಿ ಫೆಬ್ರವರಿ ಅಂತ ಬರೆದ್ರೆ ಅದೂ ಸುಳ್ಳು ಕಾಗದಾನೇ. ಇವರು ದುಡ್ಡು ತಗೊಂಡಿದ್ದು ನಿಜ ಅಂತ ಇವತ್ತಿನ ತಾರೀಖಲ್ಲಿ ಒಂದು ಹೇಳಿಕೆ ಬರಕೊಡಲಿ. ಹಳೇ ಆರರ ಮೇಲೂ ನಡೆದದ್ದನ್ನ ಬರೆದು ಅದಕ್ಕೆ ಸೇರಿಸಿ ಇಡೋಣ. ನನ್ನ ತಪ್ಪು ಕಾಣಿಸಲಿ."

ಶಿವಶಂಕರ್ ಮುಖ ಕೆಂಪಾಯಿತು. "ಖಾಲಿ ಹಾಳೆ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡೋರು ನೀವು. ಈಗ ನನಗೆ ಪಾಠ ಹೇಳ್ತೀರಾ?"

ಜ್ಯೋತಿಲಕ್ಷ್ಮಿ ಹೊರಗೆ ಹೋಗಿ ಡ್ರಾಯರಿನಿಂದ ಉಳಿದ ಹನ್ನೊಂದು ಹಾಳೆ ತಂದು ಮೇಜಿನ ಮೇಲೆ ಹರಡಿದಳು. ಹೆಸರಿಲ್ಲ, ತಾರೀಖಿಲ್ಲ, ಮೊತ್ತವಿಲ್ಲ. ಬಲಗಡೆ ಹೊಳೆವ್ವನ ನೀಲಿ ಹೆಬ್ಬೆಟ್ಟು. ಎಡಗಡೆ, ಮಂಜೂರು ಎಂಬಲ್ಲಿ, ಶಿವಶಂಕರ್ ಅವರ ಉದ್ದ ಬಾಲದ ಸಹಿ.

"ಇಬ್ಬರೂ ಒಂದೇ ಥರ ನನ್ನ ನಂಬಿದ್ರಿ ಸಾರ್," ಎಂದಳು. ಆಮೇಲೆ ಹೆಬ್ಬೆಟ್ಟಿನ ಮೇಲೆ ಬೆರಳಿಟ್ಟಳು. "ಅವರಿಗೆ ಓದೋಕೆ ಬರಲ್ಲ."

ದಿವ್ಯಾ ಫೈಲಿನಲ್ಲಿ ಹಿಂದಕ್ಕೆ ಹೋಗಿ ಒಂದು ಹೋಟೆಲ್ ಬಿಲ್ ತೆಗೆದು, ಫೆಬ್ರವರಿ ಹದಿನಾಲ್ಕರ ವೋಚರಿನ ಪಕ್ಕಕ್ಕಿಟ್ಟಳು. "ಸಾರ್, ಅವತ್ತು ನೀವು ಕೊಯಮತ್ತೂರಲ್ಲಿದ್ರಿ. ಮಂಜೂರು ಸಹಿ ಇಲ್ಲಿದೆ. ಇದನ್ನೂ ನಾನು ಬರೀಬೇಕಾಗುತ್ತೆ."

"ಬರೀರಿ," ಎಂದರು ಶಿವಶಂಕರ್, ಬಿಲ್ಲನ್ನು ಅವಳಿಗೆ ಹಿಂದಕ್ಕೆ ಕೊಟ್ಟು.

ಹನ್ನೊಂದು ಹಾಳೆಗಳ ಮೇಲೂ ಅಡ್ಡಗೆರೆ ಎಳೆದು 'ರದ್ದು' ಎಂದು ಬರೆದದ್ದು ಜ್ಯೋತಿಲಕ್ಷ್ಮಿ. ಪ್ರತಿಯೊಂದರ ಮೇಲೂ ಆಕೆಯೂ ಮಾಲೀಕರೂ ಸಹಿ ಹಾಕಿ ತಾರೀಖು ಬರೆದರು. ಹರಿಯದೆ ಫೈಲಿಗೇ ಸೇರಿಸಿದರು. ಸುಮಂಗಲಾ ತನ್ನ ಹೇಳಿಕೆಯನ್ನು ಬೆರಳಿಟ್ಟು ಎರಡು ಸಲ ಓದಿ ಹೆಸರು ಬರೆದಳು. ಶಿವಶಂಕರ್ ಜೇಬಿನಿಂದ ಪೆಟ್ಟಿಗೆಯ ಕೀ ತೆಗೆದು ಜ್ಯೋತಿಲಕ್ಷ್ಮಿಯ ಕಡೆ ಸರಿಸಿ, "ತಪ್ಪಾಯ್ತು. ತಗೊಳ್ಳಿ, ಇವರಿಗೆ ಇವತ್ತಿನದು ಕೊಟ್ಟು ಕಳಿಸಿ" ಎಂದರು.

ಆಕೆ ಹೊಸ ವೋಚರ್ ತೆಗೆದು ಬರೆದಳು: ಸುಮಂಗಲಾ, ತಿಗಳರಪಾಳ್ಯ, ಫೋನ್ ನಂಬರ್, ಒರೆಸುವ ಬಟ್ಟೆ ನಲವತ್ತೆರಡು ಕೆಜಿ, ದರ ಐವತ್ತೈದು, ಒಟ್ಟು ಎರಡು ಸಾವಿರದ ಮುನ್ನೂರ ಹತ್ತು ರೂಪಾಯಿ ಮಾತ್ರ. ತನ್ನ ಸಹಿ ಹಾಕಿ, ಮಂಜೂರಿಗೆಂದು ಮಾಲೀಕರ ಮುಂದಿಟ್ಟಳು. ಶಿವಶಂಕರ್ ಅಭ್ಯಾಸದಂತೆ ಪೆನ್ನು ಊರಿದರು. ಊರಿದವರು ಎತ್ತಿದರು.

"ಬಟ್ಟೆ ಎಲ್ಲಿದೆ?" ಎಂದು ಕೇಳಿದರು.

"ಗೇಟ್ ಹತ್ರ ತಕ್ಕಡಿ ಮೇಲೆ ಇದೆ ಸಾರ್."

ಅವರು ಎದ್ದು ಮೆಟ್ಟಿಲಿಳಿದು ಹೋದರು. ಹಾದಿಯಲ್ಲಿ ಮೆಷಿನ್ ಒರೆಸುತ್ತಿದ್ದ ಹುಡುಗರು ಗಾಬರಿಯಿಂದ ಎದ್ದು ನಿಂತದ್ದು ಕಿಟಕಿಯಿಂದ ಕಾಣಿಸಿತು. ಕಾದು ನಿಂತ ಸುಮಂಗಲಾ ಜ್ಯೋತಿಲಕ್ಷ್ಮಿಯ ಕಿವಿಯ ಹತ್ತಿರ ಬಂದು, "ಇವರು ಹೋಗಿ ನೋಡ್ತಾರೇನ್ರಿ? ನಿಮ್ಮ ಮ್ಯಾಲ ಇನ್ನೂ ಅನುಮಾನ ಐತೇನು?" ಎಂದು ಪಿಸುಗುಟ್ಟಿದಳು.

"ನೋಡಲಿ ಬಿಡಮ್ಮ," ಎಂದಳು ಜ್ಯೋತಿಲಕ್ಷ್ಮಿ. ಆ ಕ್ಯಾಬಿನ್ನಿನಲ್ಲಿ ಎರಡು ದಿನದಲ್ಲಿ ಮೊದಲ ಸಲ ಕುರ್ಚಿ ಎಳೆದು ಕೂತಳು. "ಅವರು ನೋಡಿ ಬರೋವರೆಗೆ ದುಡ್ಡು ಕೊಡಲ್ಲ ನಾನು."